ಗುಳಿಗಿ ತಗೋತಾ ಇದ್ದೀನಿ, ದೂರದ ಪ್ರಯಾಣ ಮಾಡಬಹುದಾ?

“ಡಾಕ್ಟ್ರ, ಪಿಸಿಓಡಿಗೆ ಅಂತ ಎರಡು ತಿಂಗಳಿಂದ ಹಾರ್ಮೋನ್ ಗುಳಿಗಿ ತಗೋಳ್ಳಾಕತ್ತೀನಿ. ಮುಂದಿನ ವಾರ ಕಾಶಿಗೆ ಹೊಂಟೇವಿ. ಕಾಲಾಗ ರಕ್ತ ಹೆಪ್ಪುಗಟ್ಟತೈತಿ ಅಂತಾರ. ಗುಳಿಗಿ ಬಿಟ್ಟು ಹೋಗ್ಲೇನು?”

ಬಿಡಬೇಡಿ, ಹೋಗಿ ಬನ್ನಿ. ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಹೆಚ್ಚಿನವರಿಗೆ ಇಷ್ಟೇ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದೆರಡು ವಿಷಯ ಕೇಳಿಕೊಳ್ಳುತ್ತೇನೆ. ನಿಮಗೋ, ಅಪ್ಪ-ಅವ್ವನಿಗೋ, ಒಡಹುಟ್ಟಿದವರಿಗೋ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಯಾವಾಗಾದರೂ ರಕ್ತ ಹೆಪ್ಪುಗಟ್ಟಿತ್ತಾ? ಇತ್ತೀಚೆಗೆ ದೊಡ್ಡ ಆಪರೇಷನ್ ಆಗಿದೆಯಾ, ಕಾಲಿಗೆ ಪ್ಲಾಸ್ಟರ್ ಹಾಕಿದ್ದರಾ? ಹೌದು ಅಂದರೆ ಲೆಕ್ಕ ಬೇರೆ. ಆಗ ಪ್ರಯಾಣದ ಮಾತು ಆಮೇಲೆ, ಆ ಗುಳಿಗಿ ನಿಮಗೆ ಬೇಕಾ ಅಂತಲೇ ಮೊದಲು ನೋಡಬೇಕು.

ಯಾಕೆ ಹೀಗೆ ಅಂತ ತಿಳಿಯಲು ರಕ್ತದೊಳಗೆ ಸ್ವಲ್ಪ ಇಣುಕಬೇಕು. ನಮ್ಮ ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನ್‌ಗಳೂ ಇವೆ, ಕಟ್ಟದಂತೆ ತಡೆಯುವ ಪ್ರೋಟೀನ್‌ಗಳೂ ಇವೆ. ಗಾಯವಾದಾಗ ಮಾತ್ರ ಇವು ಎಚ್ಚರವಾಗುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಎರಡೂ ಕಡೆಯವು ಸದಾ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತವೆ, ತಕ್ಕಡಿಯ ಎರಡು ತಟ್ಟೆ ಸಮನಾಗಿ ನಿಂತಿರುತ್ತವೆ ಅಷ್ಟೇ.

ಕಟ್ಟಿಸುವ ಕಡೆಯ ಮುಖ್ಯ ಆಸಾಮಿ ಥ್ರಾಂಬಿನ್. ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಅನ್ನು ಎಳೆ ಎಳೆ ಫೈಬ್ರಿನ್ ಮಾಡಿ ಬಲೆ ಹೆಣೆಯುವುದು ಇದೇ. ತಡೆಯುವ ಕಡೆ ಆಂಟಿಥ್ರಾಂಬಿನ್ ಇದೆ, ಅಡ್ಡಾಡುವ ಥ್ರಾಂಬಿನ್ನನ್ನು ಹಿಡಿದು ಕಟ್ಟಿಹಾಕುತ್ತದೆ. ಇನ್ನೊಂದು ಏರ್ಪಾಡು ಇದಕ್ಕಿಂತ ಚೆಂದ. ಥ್ರಾಂಬಿನ್ ಹರಿಯುತ್ತಾ ಹೋಗಿ ರಕ್ತನಾಳದ ಒಳಗೋಡೆಯ ಥ್ರಾಂಬೋಮೊಡ್ಯುಲಿನ್‌ಗೆ ಅಂಟಿಕೊಂಡರೆ ಪಕ್ಷ ಬದಲಿಸಿಬಿಡುತ್ತದೆ! ಹೆಪ್ಪು ಕಟ್ಟಿಸುವುದು ಬಿಟ್ಟು ಪ್ರೋಟೀನ್ ಸಿ ಎಂಬುದನ್ನು ಎಬ್ಬಿಸುತ್ತದೆ. ಪ್ರೋಟೀನ್ ಸಿ ತನ್ನ ಜೊತೆಗಾರ ಪ್ರೋಟೀನ್ ಎಸ್ ಕೂಡಿಕೊಂಡು, ಥ್ರಾಂಬಿನ್ ತಯಾರಿಗೆ ಬೇಕಾದ ಫ್ಯಾಕ್ಟರ್ 5 ಮತ್ತು 8 ಎಂಬ ಪ್ರೋಟೀನ್‌ಗಳನ್ನು ಕತ್ತರಿಸಿ ಹಾಕುತ್ತದೆ. ಅಂದರೆ ಥ್ರಾಂಬಿನ್ ಜಾಸ್ತಿಯಾದಷ್ಟೂ ಅದರ ಬ್ರೇಕೂ ಜೋರಾಗುತ್ತದೆ. ಈ ಬ್ರೇಕಿನಲ್ಲಿ ಪ್ರೋಟೀನ್ ಎಸ್ ಇದೆ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಗುಳಿಗಿ. ಗರ್ಭನಿರೋಧಕ ಮಾತ್ರೆಯಾಗಲಿ, ಪಿಸಿಓಡಿಗೆ ಕೊಡುವ ಹಾರ್ಮೋನ್ ಮಾತ್ರೆಯಾಗಲಿ, ಬಹುತೇಕ ಎಲ್ಲದರಲ್ಲಿ ಎಥಿನೈಲ್ ಎಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜನ್ ಇರುತ್ತದೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಹೋಗುವುದು ಲಿವರಿಗೆ. ಮೇಲೆ ಹೇಳಿದ ಪ್ರೋಟೀನ್‌ಗಳಲ್ಲಿ ಹೆಚ್ಚಿನವು ತಯಾರಾಗುವುದೂ ಅಲ್ಲೇ. ಈಸ್ಟ್ರೋಜನ್ ಸಿಕ್ಕ ಲಿವರ್ ಫೈಬ್ರಿನೋಜೆನ್, ಫ್ಯಾಕ್ಟರ್ 7, 8, 10 ಇವನ್ನೆಲ್ಲ ಜಾಸ್ತಿ ಮಾಡುತ್ತದೆ. ಆಂಟಿಥ್ರಾಂಬಿನ್ ಮತ್ತು ಪ್ರೋಟೀನ್ ಎಸ್ ಕಡಿಮೆ ಮಾಡುತ್ತದೆ. ಒಂದು ತಟ್ಟೆಗೆ ಹಾಕಿದ್ದೂ ಆಯಿತು, ಇನ್ನೊಂದರಿಂದ ತೆಗೆದದ್ದೂ ಆಯಿತು.

ಬಸಿರಿನಲ್ಲಿ ದೇಹ ಇದನ್ನೇ ಬೇಕೆಂದೇ ಮಾಡಿಕೊಳ್ಳುತ್ತದೆ, ಇನ್ನೂ ಜೋರಾಗಿ. ಕಾರಣವಿದೆ. ದಿನ ತುಂಬಿದ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾಗಿ ಮಾಸು ಕಳಚಿದ ಕೂಡಲೇ ಆ ರಕ್ತ ನಿಲ್ಲಬೇಕು, ಇಲ್ಲದಿದ್ದರೆ ತಾಯಿ ಉಳಿಯುವುದಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಮೊದಲೇ ತಯಾರಿ ನಡೆದಿರುತ್ತದೆ.

ಅಪಾಯ ಎಷ್ಟು? ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ ನನಗೆ ಅನುಕೂಲ ಅನಿಸುತ್ತದೆ. ಮಾತ್ರೆ ತಗೊಳ್ಳದ, ಬಸಿರಿಯೂ ಅಲ್ಲದ 10,000 ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಹೀಗೆ ಹೆಪ್ಪುಗಟ್ಟುತ್ತದೆ. ಈಸ್ಟ್ರೋಜನ್ ಜೊತೆಗೆ ಲೆವೊನಾರ್ಜೆಸ್ಟ್ರೆಲ್ ಎಂಬ ಎರಡನೇ ಹಾರ್ಮೋನ್ ಇರುವ ಮಾತ್ರೆ ತಗೊಂಡರೆ 5ರಿಂದ 7. ಅದರ ಬದಲು ಡ್ರಾಸ್ಪಿರಿನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವವುಗಳಲ್ಲಿ 9ರಿಂದ 12. ಬಸಿರು-ಬಾಣಂತನದಲ್ಲಿ ಅದಕ್ಕಿಂತಲೂ ಹೆಚ್ಚು. ಲೆವೊನಾರ್ಜೆಸ್ಟ್ರೆಲ್ ಈಸ್ಟ್ರೋಜನ್ನಿನ ಜೋರನ್ನು ಸ್ವಲ್ಪ ತಗ್ಗಿಸುತ್ತದೆ, ಆ ಎರಡು ಅಷ್ಟಾಗಿ ತಗ್ಗಿಸುವುದಿಲ್ಲ. ತಮಾಷೆ ಅಂದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಮಾಲಾ-ಎನ್‌ನಲ್ಲಿ ಇರುವುದು ಲೆವೊನಾರ್ಜೆಸ್ಟ್ರೆಲ್. ಈ ಒಂದು ವಿಷಯದಲ್ಲಿ ದುಬಾರಿ ಪ್ಯಾಕೆಟ್‌ಗಿಂತ ಅದೇ ವಾಸಿ.

ಇನ್ನು ಕುಳಿತಲ್ಲೇ ಕುಳಿತಿರುವುದು. ಕಾಲಿನ ರಕ್ತ ಮೇಲೆ ಏರಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ಅಭಿಧಮನಿಯೊಳಗೆ ಅಲ್ಲಲ್ಲಿ ಕವಾಟಗಳಿವೆ, ಒಂದೊಂದು ಕವಾಟದ ಹಿಂದೆಯೂ ಸಣ್ಣ ಜೇಬಿನಂಥ ಜಾಗ. ಗಂಟೆಗಟ್ಟಲೆ ಕಾಲು ಆಡಿಸದಿದ್ದರೆ ಆ ಜೇಬಿನಲ್ಲಿ ರಕ್ತ ನಿಂತುಬಿಡುತ್ತದೆ. ಥ್ರಾಂಬಿನ್ ತೊಳೆದುಹೋಗುವುದಿಲ್ಲ, ಹೊಸ ಆಂಟಿಥ್ರಾಂಬಿನ್ ಬರುವುದಿಲ್ಲ, ಆಮ್ಲಜನಕವೂ ಕಡಿಮೆಯಾಗುತ್ತದೆ. ಹೆಪ್ಪು ಹುಟ್ಟುವುದು ಸಾಮಾನ್ಯವಾಗಿ ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದಂತೆ, ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಅಪಾಯ ಸುಮಾರು ಎರಡು ಪಟ್ಟು. ಅದು ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ರೈಲು, ಕಾರಿಗೂ ಅನ್ವಯ. ಆರೋಗ್ಯವಂತರಲ್ಲಿ ಎರಡು ಪಟ್ಟಾದರೂ ಅದು 6,000ಕ್ಕೆ ಒಬ್ಬರಷ್ಟೇ. ಆದರೆ ತಟ್ಟೆ ಮೊದಲೇ ವಾಲಿರುವವರ ವಿಷಯದಲ್ಲಿ ಇದೇ ಸಣ್ಣ ಭಾರ ಸಾಕಾಗಬಹುದು.

ಹಾವೇರಿ ಕಡೆಯ 27 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಡ್ರಾಸ್ಪಿರಿನೋನ್ ಇರುವ ಗುಳಿಗಿ ಶುರುಮಾಡಿ ಎರಡು ತಿಂಗಳು ಚಿಲ್ಲರೆ. ತೂಕ ಸ್ವಲ್ಪ ಜಾಸ್ತಿ. ಟೆಂಪೊ ಟ್ರಾವೆಲರ್‌ನಲ್ಲಿ ಮನೆಯವರೆಲ್ಲ ಯಾತ್ರೆ ಹೋಗಿದ್ದರು, ಇವಳದು ಹಿಂದಿನ ಸೀಟು, ಕಿಟಕಿ ಪಕ್ಕ. ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡಿದಿರಲಿಲ್ಲ. ಕುಡಿಯದ್ದರಿಂದ ಇಳಿಯುವ ಪ್ರಮೇಯವೇ ಬರಲಿಲ್ಲ. ನಮ್ಮ ಹೆಣ್ಣುಮಕ್ಕಳು ಇದನ್ನು ಎಷ್ಟು ಸಹಜವಾಗಿ ಮಾಡುತ್ತಾರೆಂದರೆ, ಕೇಳಿದರೆ ಹೊರತು ಹೇಳುವುದೇ ಇಲ್ಲ. ಊರಿಗೆ ಬಂದ ಮೂರನೇ ದಿನ ಎಡಗಾಲಿನ ಮೀನಖಂಡ ನೋಯಲು ಶುರುವಾಯಿತು. ನರ ಹಿಡಿದಿದೆ ಅಂತ ಅವ್ವ ಎಣ್ಣೆ ಹಚ್ಚಿ ತಿಕ್ಕಿದರು.

ನಾನು ಟೇಪು ತೆಗೆದುಕೊಂಡು ಮೊಣಕಾಲಿನ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲು ಅಳೆದೆ. ಎಡಗಡೆ 38, ಬಲಗಡೆ 34.5. ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸುಮ್ನೆ ಬಿಡುವ ಹಾಗಿಲ್ಲ. ಸ್ಕ್ಯಾನಿನಲ್ಲಿ ಪ್ರೋಬ್ ಒತ್ತಿದಾಗ ಆರೋಗ್ಯವಾದ ಅಭಿಧಮನಿ ಚಪ್ಪಟೆಯಾಗಬೇಕು. ಇವಳದು ಮೊಣಕಾಲಿನ ಹಿಂದೆ ಎಷ್ಟು ಒತ್ತಿದರೂ ದುಂಡಗೇ ಇತ್ತು, ಒಳಗೆ ಹೆಪ್ಪು ತುಂಬಿತ್ತು. ರಕ್ತ ತೆಳುವಾಗಿಸುವ ಔಷಧಿ ಅದೇ ದಿನ ಶುರುವಾಯಿತು, ಮೂರು ತಿಂಗಳು ನಡೆಯಿತು. ಈಸ್ಟ್ರೋಜನ್ ಇರುವ ಮಾತ್ರೆ ಅವಳಿಗೆ ಇನ್ನು ಮುಂದೆ ಬೇಡ. ತಿಕ್ಕಿದ್ದರಿಂದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಲಿಲ್ಲ ಅನ್ನುವುದು ಅದೃಷ್ಟ. ಒಂದೇ ಕಾಲು ಊದಿ ನೋಯುತ್ತಿದ್ದರೆ ದಯವಿಟ್ಟು ತಿಕ್ಕಬೇಡಿ. ಜೊತೆಗೆ ಏದುಸಿರು, ಉಸಿರೆಳೆದಾಗ ಎದೆನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ನೇರ ಎಮರ್ಜೆನ್ಸಿಗೆ ಹೋಗಿ.

ಹಾಗಾದರೆ ಬಿಡಬೇಡಿ ಅಂತ ಯಾಕೆ ಹೇಳುತ್ತೇನೆ? ಎರಡು ದಿನ ಮೊದಲು ಬಿಟ್ಟರೆ ಲಿವರಿನ ಲೆಕ್ಕ ಎರಡು ದಿನದಲ್ಲಿ ಸರಿಹೋಗುವುದಿಲ್ಲ, ವಾರಗಳು ಬೇಕು. ದೊಡ್ಡ ಆಪರೇಷನ್ನಿಗೆ ನಾಲ್ಕು ವಾರ ಮೊದಲೇ ನಿಲ್ಲಿಸಿ ಅನ್ನುವುದು ಅದಕ್ಕೇ. ಅದೂ ಅಲ್ಲದೆ ಅಪಾಯ ಹೆಚ್ಚಿರುವುದು ಮಾತ್ರೆ ಶುರುಮಾಡಿದ ಮೊದಲ ತಿಂಗಳುಗಳಲ್ಲಿ. ತಿಂಗಳೋ ಹೆಚ್ಚೋ ಬಿಟ್ಟು ಮತ್ತೆ ಶುರುಮಾಡಿದರೆ ಆ ಅಪಾಯದ ಅವಧಿ ಮತ್ತೆ ಮೊದಲಿನಿಂದ ಆರಂಭ. ಪ್ರತಿ ಯಾತ್ರೆಗೂ ಬಿಟ್ಟು ಹಿಡಿದು ಮಾಡುವವರು ತಮಗೇ ಗೊತ್ತಿಲ್ಲದೆ ಕೆಟ್ಟ ಕಾಲವನ್ನೇ ಮತ್ತೆ ಮತ್ತೆ ಕರೆಯುತ್ತಾರೆ. ಇನ್ನೂ ಶುರುಮಾಡಿಲ್ಲ ಅಂದರೆ ಬೇರೆ ಮಾತು: ಕಾಶಿಯಿಂದ ಬಂದ ಮೇಲೆ ಶುರುಮಾಡಿ.

ಯಾತ್ರೆ ಅಂದಮೇಲೆ ಇನ್ನೊಂದು ಗುಳಿಗಿಯ ಮಾತು ಬರುತ್ತದೆ, ಮುಟ್ಟು ಮುಂದೂಡುವುದು. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ನಾರ್‌ಎಥಿಸ್ಟರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು. ಇದರಲ್ಲಿ ಈಸ್ಟ್ರೋಜನ್ ಇಲ್ಲ ಅಂತ ಧೈರ್ಯವಾಗಿ ಕೊಡುತ್ತಾರೆ. ಡಬ್ಬಿಯ ಮೇಲೆ ಇಲ್ಲ, ನಿಜ. ಆದರೆ ಈ ಪ್ರಮಾಣದಲ್ಲಿ ನುಂಗಿದಾಗ ಅದರ ಚೂರು ಪಾಲು ದೇಹದೊಳಗೆ ಎಥಿನೈಲ್ ಎಸ್ಟ್ರಾಡಿಯೋಲ್ ಆಗಿಯೇ ಬದಲಾಗುತ್ತದೆ. ಹಿಂದೆ ಹೆಪ್ಪುಗಟ್ಟಿದ್ದವರು, ಮನೆತನದಲ್ಲಿ ಅದು ಇರುವವರು ಇದನ್ನು ಕೇಳದೆ ನುಂಗಬಾರದು. ಹಾಗೆ ಬದಲಾಗದ ಔಷಧಿಯೂ ಇದೆ, ಡಾಕ್ಟರ ಹತ್ತಿರ ಕೇಳಿ.

ಇಷ್ಟೆಲ್ಲ ಹೇಳಿದರೂ ನನಗೆ ನಿಜವಾದ ಚಿಂತೆ ಕಾಶಿಗೆ ಹೋಗುವವರದ್ದಲ್ಲ, ಬಾಣಂತಿಯರದ್ದು. ದಿನದ ಲೆಕ್ಕದಲ್ಲಿ ಅತಿ ಹೆಚ್ಚು ಅಪಾಯ ಇರುವುದು ಹೆರಿಗೆಯಾದ ಮೊದಲ ಆರು ವಾರ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕಡೆ ಬಾಣಂತಿಯನ್ನು ಕೋಣೆಯಲ್ಲಿ ಮಲಗಿಸಿ, ಕೆಂಡದ ಕಾವು ಕೊಟ್ಟು, ನೀರು ಜಾಸ್ತಿ ಕುಡಿಬ್ಯಾಡ ಅನ್ನುತ್ತೇವೆ. ಕಾಲಿನಲ್ಲಷ್ಟೇ ಅಲ್ಲ, ಮೆದುಳಿನ ಅಭಿಧಮನಿಯಲ್ಲೂ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಬಾಣಂತಿಗೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದರೆ ಗಾಳಿ-ಗ್ರಹ ಅಂತ ಕಾಯಬೇಡಿ. ಎಣ್ಣೆಸ್ನಾನ ಮಾಡಿಸಿ, ಬೆಚ್ಚಗಿಡಿ, ನನ್ನದೇನೂ ತಕರಾರಿಲ್ಲ. ನೀರು ಕೊಡಿ, ಮನೆಯೊಳಗೇ ಅಡ್ಡಾಡಲು ಬಿಡಿ.

ಬಸಿರಿಯರಿಗೆ ಒಂದು ಮಾತು. ಸಂಜೆ ಹೊತ್ತಿಗೆ ಎರಡೂ ಪಾದ ಊದುವುದು ಸಾಮಾನ್ಯ. ಒಂದೇ ಕಾಲು, ಅದರಲ್ಲೂ ಎಡಗಾಲು, ತೊಡೆಯವರೆಗೆ ಊದಿದರೆ ತೋರಿಸಿಕೊಳ್ಳಿ. ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಬಲಗಡೆಯ ಅಪಧಮನಿ ದಾಟಿ ಹೋಗುತ್ತದೆ, ಗರ್ಭಕೋಶದ ಭಾರವೂ ಸೇರಿ ಅದು ಅದುಮಿಹೋಗುತ್ತದೆ.

ಪ್ರಯಾಣದ ವಿಷಯ ಚುಟುಕಾಗಿ: ನಡುದಾರಿ ಪಕ್ಕದ ಸೀಟು ಹಿಡಿಯಿರಿ, ಗಂಟೆ-ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಕಾಶಿ ರೈಲಿನಲ್ಲಿ ಒಂದೂವರೆ ದಿನ ಅಂದರೂ ಓಡಾಡಲು ಜಾಗವಿದೆ, ರಾತ್ರಿ ಕಾಲು ಚಾಚಿ ಮಲಗಬಹುದು. ಟೆಂಪೊ ಟ್ರಾವೆಲರಿಗಿಂತ ರೈಲೇ ವಾಸಿ. ಮನೆಯಲ್ಲಿ ಅಜ್ಜನಿಗೆ ಇರುವ ಆಸ್ಪಿರಿನ್ ಗುಳಿಗಿ ಒಂದು ನುಂಗಿ ಹೋಗುವುದು ಬೇಡ. ಪ್ರಯಾಣದಲ್ಲಿ ಕಾಲಿನ ಹೆಪ್ಪು ತಡೆಯಲು ಅದನ್ನು ಸೂಚಿಸುವುದಿಲ್ಲ.

ಕೊನೆಗೆ, ಹೆದರಿಕೊಂಡು ತಾವೇ ಲ್ಯಾಬಿಗೆ ಹೋಗಿ ಪ್ರೋಟೀನ್ ಎಸ್ ಪರೀಕ್ಷೆ ಮಾಡಿಸಿಕೊಂಡು ಬರುವವರಿದ್ದಾರೆ. ರಿಪೋರ್ಟಿನಲ್ಲಿ ಕಡಿಮೆ ಅಂತ ಬರುತ್ತದೆ, ಹುಟ್ಟಿನಿಂದಲೇ ದೋಷವಿದೆ ಅಂತ ಮನೆಮಂದಿ ಗಾಬರಿಯಾಗುತ್ತಾರೆ. ಮಾತ್ರೆ ತಗೊಳ್ಳುವಾಗ, ಬಸಿರಿನಲ್ಲಿ ಅದು ಕಡಿಮೆಯಾಗಿಯೇ ಇರುತ್ತದೆ, ಈಸ್ಟ್ರೋಜನ್ನಿನ ಕೆಲಸವೇ ಅದು. ಆಗ ಬಂದ ಅಂಕಿಯಿಂದ ಏನೂ ತೀರ್ಮಾನಿಸಲಾಗುವುದಿಲ್ಲ. ನಿಜಕ್ಕೂ ಬೇಕಿದ್ದವರು ಹೆರಿಗೆಯಾಗಿ, ಇಲ್ಲವೇ ಮಾತ್ರೆ ಬಿಟ್ಟು, ಮೂರು ತಿಂಗಳಾದರೂ ಕಳೆದ ಮೇಲೆ ಮಾಡಿಸಲಿ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ ಆ ದುಡ್ಡು ಉಳಿಸಿ.