ರಸೀದಿಯ ಮೇಲೆ ಏನು ಬರೆದಿದೆ?

“ಸರ್, ನಾನು ನಿವೃತ್ತ ಶಿಕ್ಷಕಿ, ದಾವಣಗೆರೆ, ವಯಸ್ಸು 64. ಪಿಂಚಣಿ ಬರುತ್ತೆ. ಸೌಹಾರ್ದದಲ್ಲಿ ಶೇ 9.5ಕ್ಕೆ 12 ಲಕ್ಷ, ಒಂದೇ ಬ್ಯಾಂಕಿನಲ್ಲಿ 6 ಲಕ್ಷ, ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲಿ 8 ಲಕ್ಷ ಇದೆ. ಪಕ್ಷಪಾತವಿಲ್ಲದೆ ನೋಡಿ, ಎಲ್ಲಾ ಸರಿ ಇದೆಯಾ ಹೇಳಿ.”

ಇಲ್ಲ, ಮೇಡಂ. ಇಂಥ ಪತ್ರಗಳಲ್ಲಿ ಬಡ್ಡಿದರ ಅರ್ಧ ಪರ್ಸೆಂಟೂ ತಪ್ಪದೆ ಇರುತ್ತದೆ. ಆ ಹಣಕ್ಕೆ ಯಾರು ಹೊಣೆ ಅನ್ನುವುದು ಮಾತ್ರ ಇರುವುದಿಲ್ಲ. “ಅಧ್ಯಕ್ಷರು ನಮ್ಮವರೇ” ಅನ್ನುವುದು ಭದ್ರತೆಯ ಪಟ್ಟಿಯಲ್ಲಿ ಬರುವುದಿಲ್ಲ.

ರಸೀದಿ ತೆಗೆದು ಸಂಸ್ಥೆಯ ಪೂರ್ತಿ ಹೆಸರು ಓದಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕಾದರೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಬರೀ ಪತ್ತಿನ ಸೌಹಾರ್ದ ಸಹಕಾರಿಯಾದರೆ ಆ ವಿಮೆ ಒಂದು ರೂಪಾಯಿಗೂ ಇಲ್ಲ. ನಿಮ್ಮದು ಎರಡನೆಯದು ಅಂದುಕೊಂಡು ಲೆಕ್ಕ ಹಾಕೋಣ.

12 ಲಕ್ಷಕ್ಕೆ ಅಲ್ಲಿ ವರ್ಷಕ್ಕೆ 1,14,000 ಬಡ್ಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ರಂತೆ 98,400, ಅಂದರೆ ಮೂರು ತಿಂಗಳಿಗೊಮ್ಮೆ 24,600. ತಿಂಗಳಿಗೆ 1,300 ರೂಪಾಯಿ ಹೆಚ್ಚು ಸಿಗಲಿ ಅಂತ ಇಡೀ 12 ಲಕ್ಷವನ್ನು ವಿಮೆಯಿಲ್ಲದೆ ಇಟ್ಟಿದ್ದೀರಿ. ಅಂಚೆಯ ಯೋಜನೆಗೂ ಷರತ್ತಿದೆ: ಅವಧಿ 5 ವರ್ಷ. ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಎರಡನೇ ವರ್ಷದಲ್ಲಿ ಅಸಲಿನ ಶೇ 1.5, ಆಮೇಲೆ ಶೇ 1 ಕಡಿತ. ಅದಕ್ಕೇ ಆಸ್ಪತ್ರೆ ಖರ್ಚಿನ ಹಣ ಅಲ್ಲಿಗೆ ಹಾಕಬೇಡಿ, ಬ್ಯಾಂಕಿನಲ್ಲೇ ಇರಲಿ. ಬ್ಯಾಂಕಿನ 6 ಲಕ್ಷದಲ್ಲಿ ಒಂದೂವರೆ ಲಕ್ಷ ಬೇರೆ ಬ್ಯಾಂಕಿಗೆ ಹೋಗಲಿ. ಅದೇ ಬ್ಯಾಂಕಿನ ಇನ್ನೊಂದು ಶಾಖೆ ಆಗದು, ವಿಮೆಗೆ ಎಲ್ಲಾ ಶಾಖೆಗಳೂ ಒಂದೇ.

ಸೌಹಾರ್ದದಿಂದ ಹಣ ತೆಗೆಯುವುದು ಹೇಗೆ? ಅವಧಿ ಮೊದಲು ಮುಗಿಯುವ ರಸೀದಿಯಿಂದ ಶುರು ಮಾಡಿ. “ಮುಂದಿನ ವಾರ ಬನ್ನಿ” ಅಂದರೆ, ಇಲ್ಲವೇ ಬಡ್ಡಿ ಮಾತ್ರ ಕೊಟ್ಟು ಅಸಲು ನವೀಕರಿಸಿ ಎಂದು ಒತ್ತಾಯಿಸಿದರೆ, ಉಳಿದ ರಸೀದಿಗಳ ಅವಧಿ ಮುಗಿಯಲಿ ಅಂತ ಕಾಯಬೇಡಿ. ಸ್ವಲ್ಪ ಬಡ್ಡಿ ಹೋದರೆ ಹೋಗಲಿ.

ಇನ್ನು “ಪಕ್ಷಪಾತವಿಲ್ಲದೆ” ಅಂದಿರಲ್ಲ. ಅದನ್ನು ನನಗೆ ಹೇಳುವ ಬದಲು “ನಿಮಗೆ ದುಡ್ಡು ಯಾರು ಕೊಡ್ತಾರೆ?” ಅಂತ ಕೇಳಿದ್ದರೆ ಖುಷಿಯಾಗುತ್ತಿತ್ತು. ಸೆಬಿಯಲ್ಲಿ ನೋಂದಾಯಿತ ಸಲಹೆಗಾರರ ಸಂಖ್ಯೆ ಐಎನ್‌ಎ ಎಂದು ಶುರುವಾಗುತ್ತದೆ, ಅವರಿಗೆ ಶುಲ್ಕ ಕೊಡುವವರು ನೀವು. ಎಆರ್‌ಎನ್ ಸಂಖ್ಯೆಯವರು ವಿತರಕರು, ಅವರಿಗೆ ಫಂಡ್ ಕಂಪನಿಯಿಂದ ಕಮಿಷನ್. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಜೊತೆ ‘ರೆಗ್ಯುಲರ್’ ಎಂದಿದ್ದರೆ ಆ ಕಮಿಷನ್ ನಿಮ್ಮ 8 ಲಕ್ಷದಿಂದಲೇ ಪ್ರತಿವರ್ಷ ಹೋಗುತ್ತಿದೆ. ವಿತರಕರ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗೂ ಇದಕ್ಕೂ ಖರ್ಚಿನ ವ್ಯತ್ಯಾಸ ಶೇ 0.8 ಇದ್ದರೂ ವರ್ಷಕ್ಕೆ 6,400 ರೂಪಾಯಿ.

ಹಾಗಂತ ನಾಳೆಯೇ ‘ಡೈರೆಕ್ಟ್’ಗೆ ಬದಲಿಸಬೇಡಿ, ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟ. ವರ್ಷ ದಾಟಿದ ಈಕ್ವಿಟಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಲಾಭ 2 ಲಕ್ಷವಿದ್ದರೆ ಅರ್ಧ ಮಾರ್ಚಿನಲ್ಲಿ, ಇನ್ನರ್ಧ ಏಪ್ರಿಲ್‌ನಲ್ಲಿ ಬದಲಿಸಿ.