‘ಏನ್ಲಾ ಮಗಾ’ ಅಂದಿದ್ದು ಯಾರಿಗೆ

ನಾನು ಮೈಸೂರಿನವನು. ಪಿಯುಸಿ ಓದಿದ್ದು ಮಾತ್ರ ಮಂಡ್ಯದ ಒಂದು ಕಾಲೇಜಿನಲ್ಲಿ. ಅಪ್ಪನಿಗೆ ಆಗ ಮಂಡ್ಯದಲ್ಲೇ ಕೆಲಸವಿತ್ತು. ಇಬ್ಬರೂ ತಿಂಗಳ ಪಾಸು ಮಾಡಿಸಿಕೊಂಡು ಬೆಳಗಿನ ಪ್ಯಾಸೆಂಜರ್ ರೈಲು ಹತ್ತುತ್ತಿದ್ದೆವು. ಅಪ್ಪ ತಮ್ಮ ಆಫೀಸಿನವರ ಜೊತೆ ಮುಂದಿನ ಬೋಗಿಯಲ್ಲಿ, ನಾನು ಹುಡುಗರ ಜೊತೆ ಹಿಂದಿನ ಬೋಗಿಯಲ್ಲಿ.

ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಆಮೇಲೆ ಮಂಡ್ಯ. ಒಂದೊಂದು ಸ್ಟೇಷನ್ನಿನಲ್ಲಿ ಒಬ್ಬೊಬ್ಬ ಗೆಳೆಯ ಹತ್ತುತ್ತಿದ್ದ. ಮೈಸೂರಿನಲ್ಲಿ ಹತ್ತಿದವರು ‘ಏನೋ, ಏನ್ ಸಮಾಚಾರ’ ಅನ್ನುತ್ತಿದ್ದೆವು. ಪಾಂಡವಪುರದವನು ಬಾಗಿಲಲ್ಲಿ ಕಾಲಿಡುವಾಗಲೇ ‘ಏನ್ಲಾ’ ಎಂದು ಕೂಗುತ್ತಿದ್ದ. ಯಲಿಯೂರಿನವನು ಹತ್ತಿದ ಮೇಲಂತೂ ‘ಏನ್ಲಾ ಮಗಾ, ಎಂಗಿದ್ದೀಯ್ಲಾ’ ಇಲ್ಲದೆ ಮಾತೇ ಶುರುವಾಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ನನ್ನ ಬಾಯಲ್ಲೂ ಅದೇ ಬಂತು. ಸೀಟು ಹಿಡಿಯೋಕೆ, ಪುಸ್ತಕ ಕೇಳೋಕೆ, ಸುಮ್ನೆ ಕರೆಯೋಕೆ, ಎಲ್ಲದಕ್ಕೂ ‘ಲಾ’.

ಒಂದು ಭಾನುವಾರ ಮನೆಗೆ ಬಂದ ಚಿಕ್ಕಪ್ಪನ ಮಗನಿಗೆ ‘ಬಾರ್ಲಾ, ಕೂತ್ಕೋ’ ಅಂದುಬಿಟ್ಟೆ. ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಸೌಟು ಕೆಳಗಿಟ್ಟು ಹೊರಗೆ ಬಂದರು. ‘ಏನು ಮಾತೋ ಅದು? ದನ ಕರೆಯೋ ಹಾಗೆ!’ ಅಂದರು. ಅಜ್ಜಿ ಅದೇ ಹುಡುಗನನ್ನು ದಿನಾ ‘ಬಾರೋ ಕತ್ತೆ’ ಎಂದು ಕರೆಯುತ್ತಿದ್ದರು. ಕತ್ತೆ ತಪ್ಪಲ್ಲ, ಲಾ ತಪ್ಪು! ಅಜ್ಜಿಯ ಮೇಲೆ ನನಗೆ ತುಂಬಾ ಪ್ರೀತಿ. ಆದರೂ ಆ ಮಾತು ಸರಿ ಇರಲಿಲ್ಲ ಅಂತ ಇವತ್ತಿಗೂ ಹೇಳುತ್ತೇನೆ. ಅವರಿಗೆ ಸಿಟ್ಟು ಬಂದಿದ್ದು ಪದಕ್ಕಲ್ಲ, ಆ ಪದ ಹಳ್ಳಿಯಿಂದ ಬಂದಿದೆ ಎನ್ನುವುದಕ್ಕೆ.

ನಿಜವಾದ ಪಾಠ ಆಗಿದ್ದು 2002ರಲ್ಲಿ. ಆ ವರ್ಷ ಕಾವೇರಿ ಗಲಾಟೆ ಜೋರಾಗಿತ್ತು. ಕಾಲೇಜು ಇದೆಯೋ ಇಲ್ಲವೋ ಎಂದು ಹಿಂದಿನ ರಾತ್ರಿಯವರೆಗೂ ಗೊತ್ತಾಗುತ್ತಿರಲಿಲ್ಲ. ಅವತ್ತು ಸಂಜೆ ಮನೆ ಹತ್ತಿರದ ಬೂತಿನಿಂದ ಯಲಿಯೂರಿನ ಗೆಳೆಯನ ಮನೆಗೆ ಫೋನ್ ಮಾಡಿದೆ. ಆ ಕಡೆಯಿಂದ ದಪ್ಪ ದನಿಯಲ್ಲಿ ‘ಅಲೋ’ ಅಂತು. ಅವನದೇ ದನಿ. ಬೂತಿನ ಮೀಟರ್ ಓಡುತ್ತಿತ್ತು, ನಾನು ಗಡಿಬಿಡಿಯಲ್ಲಿ ‘ಏನ್ಲಾ ಮಗಾ, ನಾಳೆ ಬಂದ್ ಐತೇನ್ಲಾ?’ ಅಂದೆ.

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಆ ದನಿ ನಿಧಾನಕ್ಕೆ ಹೇಳಿತು: ‘ಮಗ ಗದ್ದೆತಾವ್ಕೆ ಓಗವ್ನೆ. ನಾನು ಅವ್ನ ಅಪ್ಪ. ನೀನು ಯಾವ ಅಪ್ಪ?’

ನನಗೆ ಬಾಯಿ ಒಣಗಿಹೋಯಿತು. ‘ತಪ್ಪಾಯ್ತು ಸಾರ್’ ಎಂದು ಫೋನ್ ಇಟ್ಟುಬಿಟ್ಟೆ.

ಗಲಾಟೆ ತಣ್ಣಗಾಗಿ ಕಾಲೇಜು ಶುರುವಾದ ಮೇಲೆ ಗೆಳೆಯ ನನ್ನನ್ನು ಬಿಡಲಿಲ್ಲ. ‘ಅಪ್ಪ ನೋಡ್ಬೇಕಂತೆ, ಬಾರ್ಲಾ’ ಎಂದು ಶನಿವಾರ ಮಧ್ಯಾಹ್ನ ಮನೆಗೆ ಎಳೆದುಕೊಂಡು ಹೋದ. ಅವರದು ನಾಲೆ ನೀರಿನ ಜಮೀನು. ಒಂದಿಷ್ಟು ಭತ್ತ, ಉಳಿದಿದ್ದೆಲ್ಲ ಕಬ್ಬು. ಅವರಪ್ಪ ಜಗಲಿ ಮೇಲೆ ಕೂತು ಮಚ್ಚು ಮಸೆಯುತ್ತಿದ್ದರು. ನಾನು ಹೋಗಿ ಕೈ ಮುಗಿದು ನಿಂತೆ. ಅವರು ತಲೆ ಎತ್ತಿ ನೋಡಿ, ‘ಓ, ನೀನೇನ್ಲಾ ನಮ್ಮಪ್ಪ! ಬಾ ಮಗಾ, ಕೂತ್ಕೊ, ಮೊದ್ಲು ಉಣ್ಣು’ ಅಂದರು.

ಮುದ್ದೆ, ಉಪ್ಪೆಸರು. ಉಣ್ಣುವಾಗ ನನಗೆ ಇನ್ನೊಂದು ಆಶ್ಚರ್ಯ. ಗೆಳೆಯ ಒಳಗಿದ್ದ ತಾಯಿಯನ್ನು ‘ಅವ್ವಾ, ನೀನು ಉಂಡ್ಯಾ?’ ಎಂದು ಕೇಳಿದ. ಅಪ್ಪನಿಗೂ ‘ನೀನು’. ನಮ್ಮ ಮನೆಯಲ್ಲಿ ಅಪ್ಪನಿಗೆ ‘ನೀನು’ ಅಂದರೆ ಅವತ್ತು ಊಟ ಇಲ್ಲ. ನಾನು ಮಾತಿನ ನಡುವೆ ‘ನಮ್ಮಪ್ಪ ಬರ್ತಾರೆ, ಅವರಿಗೆ ನೀವು ಬನ್ನಿ ಅಂತೀವಿ’ ಎಂದಾಗ ಅವರವ್ವ ನಕ್ಕುಬಿಟ್ಟರು. ‘ನಿಮ್ಮಪ್ಪ ಏನು ನೆಂಟ್ರಾ ಮಗಾ, ಬನ್ನಿ ಅನ್ನಕ್ಕೆ?’ ಅವರಿಗೆ ನನ್ನ ಮರ್ಯಾದೆಯ ಮಾತು ದೂರದ ಮಾತಾಗಿ ಕೇಳಿಸಿತ್ತು. ಒಬ್ಬರಿಗೆ ಒರಟು ಅನ್ನಿಸುವ ಮಾತು ಇನ್ನೊಬ್ಬರಿಗೆ ಹತ್ತಿರದ ಮಾತು ಎಂದು ನಾನು ಮೊದಲ ಸಲ ಕಣ್ಣಾರೆ ಕಂಡಿದ್ದು ಆ ಊಟದ ಹೊತ್ತಿನಲ್ಲಿ.

ಕೈ ತೊಳೆದ ಮೇಲೆ ಧೈರ್ಯ ಮಾಡಿ ಕೇಳಿದೆ. ‘ನೀವೂ ನನಗೆ ಏನ್ಲಾ ಅಂದ್ರಿ, ಮಗಾ ಅಂದ್ರಿ. ನಾವು ಅಂದ್ರೆ ಯಾಕೆ ತಪ್ಪು?’

ಅವರು ಎಲೆ ಅಡಿಕೆ ಹಾಕಿಕೊಂಡು ವಸಿ ಹೊತ್ತು ಯೋಚನೆ ಮಾಡಿದರು. ಆಮೇಲೆ ಹೇಳಿದ್ದು ನನಗೆ ಹಾಗೆ ಹಾಗೇ ನೆನಪಿದೆ. ‘ನೋಡು, ಲಾ ಅನ್ನದು ನೀರಿದ್ದಂಗೆ. ಮ್ಯಾಲಿಂದ ಕೆಳಕ್ಕೆ ಅರೀತದೆ. ಸಮನಾಗಿರೋ ಗದ್ದೇಲಿ ಅಡ್ಡಕ್ಕೂ ಅರೀತದೆ. ಕೆಳಗಿಂದ ಮ್ಯಾಲಕ್ಕೆ ಅತ್ತಕಿಲ್ಲ.’

ಅಂದರೆ ದೊಡ್ಡವರು ಚಿಕ್ಕವರಿಗೆ ಅನ್ನಬಹುದು, ವಾರಿಗೆಯವರು ಒಬ್ಬರಿಗೊಬ್ಬರು ಅನ್ನಬಹುದು. ದೊಡ್ಡವರಿಗೆ ಅನ್ನುವ ಹಾಗಿಲ್ಲ. ನಾನು ಗಮನಿಸಿದೆ: ಅಪ್ಪನಿಗೆ ‘ನೀನು’ ಅನ್ನುವ ಗೆಳೆಯ ಅಪ್ಪನಿಗೆ ಎಂದೂ ‘ಲಾ’ ಅನ್ನುತ್ತಿರಲಿಲ್ಲ. ‘ಬಾರಪ್ಪ’, ‘ಇಲ್ಲ ಕಣಪ್ಪ’ ಅನ್ನುತ್ತಿದ್ದ. ತಾಯಿಗೆ ‘ಕಣವ್ವ’. ತಂಗಿಗೆ ‘ಕಣಮ್ಮಿ’. ನನಗೆ ‘ಕಣ್ಲಾ’. ಊರಿಗೆ ಬಂದ ಮೇಷ್ಟರಿಗೆ ‘ಕಣ್ರೀ’ ಅಲ್ಲ, ‘ಕಣ್ ಸಾ’. ಎದುರಿಗೆ ಯಾರಿದ್ದಾರೆ ಅಂತ ಕಣ್ಣು ಮುಚ್ಚಿಕೊಂಡು ಕೇಳಿದರೂ ಗೊತ್ತಾಗುತ್ತಿತ್ತು. ಮಂಡ್ಯದ ಮಾತಿಗೆ ಮರ್ಯಾದೆ ಇಲ್ಲ ಅನ್ನುವವರು ಈ ಬಾಲಗಳನ್ನು ಕೇಳಿಸಿಕೊಂಡೇ ಇಲ್ಲ. ಮೈಸೂರಿನಲ್ಲಿ ನಾವು ಮರ್ಯಾದೆಯನ್ನು ‘ನೀವು’ ಒಂದರಲ್ಲೇ ಇಟ್ಟಿದ್ದೆವು, ಅವರು ಮಾತಿನ ಕೊನೆಯಲ್ಲಿ ಇಟ್ಟಿದ್ದರು.

‘ಮಗಾ’ದ ಕಥೆ ಬೇರೆ. ಆ ಕಡೆ ದೊಡ್ಡವರು ಯಾವ ಮಗುವನ್ನಾದರೂ, ಹೆಣ್ಣಾಗಲಿ ಗಂಡಾಗಲಿ, ‘ಬಾ ಮಗಾ’ ಅನ್ನುತ್ತಾರೆ. ಅದು ಅನ್ನ ಹಾಕುವವರ ಮಾತು. ಹದಿನಾರರ ಹುಡುಗ ಹದಿನಾರರ ಹುಡುಗನಿಗೆ ಅಂದರೆ ಅವರಿಗೆ ನಗು ಬರುತ್ತದೆ. ‘ಮೀಸೆ ಬಂದಿಲ್ಲ, ಆಗ್ಲೇ ಮಗ ಬಂದವ್ನೆ’ ಎಂದು ಅವರವ್ವ ಅಣಕಿಸುತ್ತಿದ್ದರು. ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ನಮ್ಮ ಎಷ್ಟೋ ಬೈಗುಳ ಮುಗಿಯುವುದೇ ‘ಮಗನೆ’ ಎಂದು. ಮೊದಲ ಅರ್ಧ ನಾವು ಹೇಳದಿದ್ದರೂ ದೊಡ್ಡವರ ಕಿವಿ ತಾನೇ ತುಂಬಿಕೊಳ್ಳುತ್ತದೆ. ನಾವು ಖುಷಿಯಲ್ಲಿ ‘ಏನ್ಲಾ ನನ್ ಮಗ್ನೆ’ ಎಂದು ಬೆನ್ನು ತಟ್ಟಿದರೆ, ಪಕ್ಕದಲ್ಲಿ ಕೂತವರಿಗೆ ಕೇಳಿಸುವುದು ತಾಯಿಗೆ ಬೈದ ಹಾಗೆ. ಅದಕ್ಕೂ ಗೆಳೆಯನ ಅಪ್ಪನ ಹತ್ತಿರ ಒಂದು ಲೆಕ್ಕವಿತ್ತು. ‘ಮಗಾ ಅಂತ ಎಳುದ್ರೆ ಪಿರೂತಿ. ಮಗ್ನೆ ಅಂತ ಕಡುದ್ರೆ ಜಗಳ. ನೀವು ಕಡೀತೀರಿ, ಆಮೇಲೆ ನಗ್ತೀರಿ. ದೂರದಲ್ಲಿ ಇರೋರಿಗೆ ಕಡಿಯದು ಕೇಳುಸ್ತದೆ, ನಗದು ಕಾಣಾಕಿಲ್ಲ.’ ಫೋನಿನಲ್ಲಿ ಆಗಿದ್ದು ಅದೇ ಅಲ್ವಾ? ಮುಖ ಕಾಣದ ಕಡೆ ನಾನು ಮುಖ ನೋಡಿ ಆಡುವ ಮಾತು ಆಡಿದ್ದೆ.

ಇದೇ ಹೊತ್ತಿಗೆ ನಮ್ಮ ಬೋಗಿಗೆ ‘ಮಚ್ಚಾ’ ಬಂತು. ಬೆಂಗಳೂರಿನಲ್ಲಿ ಹೈಸ್ಕೂಲು ಮುಗಿಸಿ ಬಂದ ಹುಡುಗನೊಬ್ಬ ತಂದದ್ದು. ಒಂದು ವಾರದಲ್ಲಿ ಎಲ್ಲರೂ ಮಚ್ಚಾ. ಗೆಳೆಯ ಅದನ್ನು ಊರಿಗೂ ಒಯ್ದ. ಕಬ್ಬು ಕಡಿಯುವ ದಿನ ಗದ್ದೆಯ ಆ ಬದಿಯಿಂದ ನನ್ನನ್ನು ‘ಮಚ್ಚಾ!’ ಎಂದು ಕೂಗಿದ. ನನ್ನ ಪಕ್ಕದಲ್ಲಿದ್ದ ಅವರ ದೊಡ್ಡಪ್ಪ ಕೈಯಲ್ಲಿದ್ದ ಮಚ್ಚನ್ನೇ ನನ್ನ ಕಡೆ ಚಾಚಿ, ‘ತಕ್ಕೊಂಡೋಗಿ ಕೊಡ್ಲಾ, ಮಚ್ಚು ಕೇಳ್ತಾವ್ನೆ’ ಅಂದರು. ಅದು ತಮಿಳಿನ ಮಾತು, ಭಾವ ಅಥವಾ ಭಾಮೈದ ಅಂತ ಅರ್ಥ ಎಂದು ನಾನು ವಿವರಿಸಿದೆ. ಅವರು ಮಚ್ಚು ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು ನನ್ನನ್ನೇ ನೋಡಿದರು. ‘ಭಾಮೈದನಾ? ಯಾವಾಗ್ಲಾ ಹೆಣ್ಣು ಕೊಟ್ಟಿದ್ದು?’

ಸುತ್ತ ಇದ್ದವರೆಲ್ಲ ನಕ್ಕರು. ಆದರೆ ನಕ್ಕ ಮೇಲೆ ಅವರು ತಮ್ಮ ಸೊಸೆ ಆ ಕಡೆ ಹುಲ್ಲು ಕಟ್ಟುತ್ತಿದ್ದಾಳಾ ಎಂದು ಒಮ್ಮೆ ತಿರುಗಿ ನೋಡಿದ್ದನ್ನೂ ನಾನು ಕಂಡೆ. ನಮ್ಮ ಕಡೆ ಸೋದರಮಾವನ ಮಗಳನ್ನು, ಅತ್ತೆಯ ಮಗಳನ್ನು ತರುವ ಪದ್ಧತಿ ಇದೆ. ಭಾವ, ಭಾಮೈದರ ನಡುವೆ ತಮಾಷೆಗೆ ಅಡ್ಡಿಯಿಲ್ಲ. ಆದರೆ ಆ ತಮಾಷೆಯ ಹಿಂದೆ ಯಾವುದೋ ಮನೆಯ ಹೆಣ್ಣುಮಗಳು ಇರುತ್ತಾಳೆ. ನಮಗೆ ಮಚ್ಚಾ ಅಂದರೆ ಬರೀ ಗೆಳೆಯ. ಅವರಿಗೆ ಅದು ಸಂಬಂಧ. ಅಕ್ಕತಂಗಿಯರು ಇರುವ ಮನೆಯ ಮುಂದೆ ನಿಂತು ಹಾಗೆ ಕೂಗಿದರೆ ಮುಖ ಗಂಟಿಕ್ಕುವುದು ಅದಕ್ಕೇ. ಇದು ಗೊತ್ತಾದ ಮೇಲೆ ನಾನು ಆ ಮಾತನ್ನು ರೈಲಿನಲ್ಲೇ ಬಿಟ್ಟು ಇಳಿಯುತ್ತಿದ್ದೆ.

ಹುಡುಗಿಯರ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. ಅವರು ತಮ್ಮತಮ್ಮಲ್ಲಿ ‘ಏನಮ್ಮಿ’ ಅಂದರೆ ಎಲ್ಲರಿಗೂ ಇಂಪು. ಅದೇ ಹುಡುಗಿ ‘ಏನ್ ಮಗಾ’ ಅಂದಳೋ, ಇಡೀ ಬೋಗಿ ತಿರುಗಿ ನೋಡುತ್ತಿತ್ತು. ನಮಗೆ ನಗುತ್ತಾ ಬುದ್ಧಿ ಹೇಳಿದ ದೊಡ್ಡವರೇ ಅವರಿಗೆ ನಗದೆ ಹೇಳುತ್ತಿದ್ದರು. ಅದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ನಮ್ಮ ಕನ್ನಡ ಮೇಷ್ಟರಿಗೆ ಒಮ್ಮೆ ಈ ಫೋನಿನ ಕಥೆ ಹೇಳಿದೆ. ಅವರು ಬೋರ್ಡಿನ ಮೇಲೆ ‘ಎಲಾ, ಎಲೇ, ಎಲವೋ’ ಎಂದು ಬರೆದರು. ಹಳೆಯ ಕಾವ್ಯಗಳಲ್ಲಿ ಒಬ್ಬರನ್ನೊಬ್ಬರು ಕರೆಯುವ ಮಾತುಗಳು ಇವು, ನಿಮ್ಮ ಲಾ, ಲೇ ಇವುಗಳ ಬಾಲ ಎಂದರು. ಅವತ್ತು ಸಂಜೆ ಗೆಳೆಯ ಅದನ್ನು ಅಪ್ಪನಿಗೆ ಹೇಳಿದನಂತೆ. ಅವರಪ್ಪ ಊರಿನ ಪೌರಾಣಿಕ ನಾಟಕದಲ್ಲಿ ಭೀಮನ ಪಾತ್ರ ಮಾಡುತ್ತಿದ್ದವರು. ರಾತ್ರಿಯೆಲ್ಲ ‘ಎಲವೋ ದುರ್ಯೋಧನಾ’ ಎಂದು ಗುಡುಗುವವರು. ‘ಅಂಗಾರೆ ನಾನೂ ಲಾ ಅಂತಿದ್ದೆ ಅನ್ನು! ಭೀಮನಿಗಿಂತ ದುರ್ಯೋಧನ ದೊಡ್ಡೋನೋ ಚಿಕ್ಕೋನೋ ನಿಮ್ಮ ಮೇಷ್ಟ್ರನ್ನ ಕೇಳು’ ಅಂದರಂತೆ. ಇಬ್ಬರೂ ಒಂದೇ ದಿನ ಹುಟ್ಟಿದವರು ಎಂದು ಮೇಷ್ಟರು ಹೇಳಿ ಕಳಿಸಿದರು. ‘ಸರಿ, ಸಮನಾದ ಗದ್ದೆ’ ಎಂದು ಅವರು ತಲೆಯಾಡಿಸಿದರಂತೆ.

ಈಗ ಗೆಳೆಯನ ಅಪ್ಪನಿಗೆ ಎಂಬತ್ತರ ಹತ್ತಿರ. ಗೆಳೆಯ ಮೊಬೈಲನ್ನು ಮನೆಯಲ್ಲಿ ಬಿಟ್ಟು ಗದ್ದೆಗೆ ಹೋದಾಗ ಅವರೇ ಎತ್ತುತ್ತಾರೆ. ಅಪ್ಪ ಮಗನ ದನಿ ಇವತ್ತಿಗೂ ಒಂದೇ. ಹಾಗಾಗಿ ನಾನು ‘ಹಲೋ’ ಎಂದಷ್ಟೇ ಹೇಳಿ ಕಾಯುತ್ತೇನೆ. ಮೊನ್ನೆ ಈ ಬರಹಕ್ಕೆ ಅವರ ಮಾತು ಬಳಸಿಕೊಳ್ಳಲಾ ಎಂದು ಕೇಳೋಕೆ ಫೋನ್ ಮಾಡಿದ್ದೆ. ನಾನು ಹಲೋ ಅನ್ನುವ ಮೊದಲೇ ಆ ಕಡೆಯಿಂದ ಕೇಳಿತು: ‘ಏನ್ಲಾ ಮಗಾ, ನಾಳೆ ಬಂದ್ ಐತೇನ್ಲಾ?’