ಬಿಟ್ಟ ಸ್ಥಳದಲ್ಲಿ ‘ವಾಸ್’ ಬರೆಯಬೇಕಾ, ‘ಗಾಟ್’ ಬರೆಯಬೇಕಾ?

ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪ್ರಶ್ನೆಗಳನ್ನು ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ‘ಬಿಟ್ಟ ಸ್ಥಳ ತುಂಬಿ’ ಪ್ರಶ್ನೆಗಳಲ್ಲಿ ಜಾಸ್ತಿ ಚರ್ಚೆ ಎಬ್ಬಿಸುವುದು ಪ್ಯಾಸಿವ್ ವಾಕ್ಯಗಳು. ಅಲ್ಲಿ ‘ವಾಸ್ ಲಾಕ್ಡ್’ ತರಹದ ಬಿ ಪ್ಯಾಸಿವ್ ಬರಬೇಕೋ ‘ಗಾಟ್ ಲಾಕ್ಡ್’ ತರಹದ ಗೆಟ್ ಪ್ಯಾಸಿವ್ ಬರಬೇಕೋ ಎಂಬುದೇ ತಕರಾರು. ಹಲವರು ಕಲಿತಿರುವ ನಿಯಮ ಇದು: ಸ್ಥಿತಿ ಹೇಳಲು ಬಿ, ಘಟನೆ ಹೇಳಲು ಗೆಟ್. ಇದರ ಮೊದಲರ್ಧ ಸರಿ. ಎರಡನೇ ಅರ್ಧವನ್ನು ಹಾಗೇ ನಂಬಿದರೆ ದಾರಿ ತಪ್ಪುತ್ತೇವೆ.

ತಿದ್ದಲು ಬಂದ ಒಂದು ಪ್ರಶ್ನೆ ನೋಡಿ: “ದ ಗೇಟ್ ___ ಲಾಕ್ಡ್ ಅಟ್ ಟೆನ್.” ಸರಿ ಉತ್ತರ ‘ಗಾಟ್’ ಎಂದು ಗುರುತು ಹಾಕಿತ್ತು. ಬೀಗ ಹಾಕುವುದು ಒಂದು ಘಟನೆ, ಹಾಗಾಗಿ ‘ಗಾಟ್’ ಎಂಬುದು ಬರೆದವರ ವಾದ. ಆದರೆ ‘ವಾಸ್’ ಹಾಕಿದರೂ ವಾಕ್ಯ ಪೂರ್ತಿ ಸರಿಯೇ. ಅಷ್ಟೇ ಅಲ್ಲ, ಅದಕ್ಕೆ ಎರಡು ಅರ್ಥ. ಹತ್ತು ಗಂಟೆಗೆ ಯಾರೋ ಬಂದು ಬೀಗ ಹಾಕಿದರು ಎಂದೂ ಆಗುತ್ತದೆ, ಹತ್ತು ಗಂಟೆಗೆ ನೋಡಿದಾಗ ಬೀಗ ಹಾಕಿಯೇ ಇತ್ತು ಎಂದೂ ಆಗುತ್ತದೆ. ‘ಗಾಟ್’ಗೆ ಮೊದಲ ಅರ್ಥ ಮಾತ್ರ. ಅಂದರೆ ಗೆಟ್ ಘಟನೆಯನ್ನಷ್ಟೇ ಹೇಳುತ್ತದೆ, ಬಿ ಸ್ಥಿತಿ ಘಟನೆ ಎರಡನ್ನೂ ಹೇಳುತ್ತದೆ. ಈ ಪ್ರಶ್ನೆಗೆ ‘ವಾಸ್’ ಬರೆದವರ ಅಂಕ ಕಿತ್ತುಕೊಂಡರೆ ಅದು ಅನ್ಯಾಯ.

ಹಾಗಾದರೆ ಒಂದೇ ಉತ್ತರ ಬರುವಂತೆ ಮಾಡುವುದು ಹೇಗೆ? ಸ್ಥಿತಿಯ ಕಡೆಗೆ ತಿರುಗಿಸುವುದು ಸುಲಭ. “ವೆನ್ ವಿ ಅರೈವ್ಡ್, ದ ಗೇಟ್ ___ ಆಲ್ರೆಡಿ ಲಾಕ್ಡ್” ಎಂದು ಬರೆದರೆ ‘ವಾಸ್’ ಮಾತ್ರ ಕೂರುತ್ತದೆ. ನಾವು ಬರುವ ಹೊತ್ತಿಗೆ ಬೀಗ ಬಿದ್ದು ಆಗಿತ್ತು, ನಮ್ಮ ಕಣ್ಣಿಗೆ ಕಂಡದ್ದು ಅದರ ಫಲ. ‘ಆಲ್ರೆಡಿ’, ‘ಸ್ಟಿಲ್’, ಅವಧಿ ಹೇಳುವ ‘ಫಾರ್’, ಇವು ಸ್ಥಿತಿಯ ಒಳ್ಳೆಯ ಸುಳಿವುಗಳು. “ದೇ ___ ಮ್ಯಾರಿಡ್ ಫಾರ್ ಟ್ವೆಲ್ವ್ ಇಯರ್ಸ್” ಎಂಬಲ್ಲಿ ‘ವರ್’ ಬೇಕು. ಮದುವೆಯಾಗುವುದು ಹನ್ನೆರಡು ವರ್ಷ ನಡೆಯುವುದಿಲ್ಲ, ಮದುವೆಯಾಗಿ ಇರುವುದು ನಡೆಯುತ್ತದೆ ಅಲ್ವಾ?

ಘಟನೆಯ ಕಡೆಗೆ ತಿರುಗಿಸುವುದು ಕಷ್ಟ. “ವಿ ವರ್ ಇನ್‌ಸೈಡ್ ವೆನ್ ದ ಗೇಟ್ ___ ಲಾಕ್ಡ್ ಬೈ ಮಿಸ್ಟೇಕ್” ಎಂದು ಎಷ್ಟೇ ಸ್ಪಷ್ಟವಾಗಿ ಬರೆದರೂ ಎರಡೂ ಸರಿಹೊಂದುತ್ತವೆ. ಅಚಾನಕ್ಕಾಗಿ ಆದದ್ದು, ಆದವರಿಗೆ ತೊಂದರೆ ಕೊಟ್ಟದ್ದು ಎಂಬ ಕಾರಣಕ್ಕೆ ಮಾತಿನಲ್ಲಿ ‘ಗಾಟ್’ ಹೆಚ್ಚು ಸಹಜ, ಅಷ್ಟೇ. ಗೆಳೆಯರ ಹತ್ತಿರ “ಮೈ ಫೋನ್ ಗಾಟ್ ಸ್ಟೋಲನ್” ಅನ್ನುತ್ತಾರೆ. ಅದನ್ನೇ ದೂರಿನಲ್ಲಿ ಬರೆಯುವಾಗ ‘ವಾಸ್ ಸ್ಟೋಲನ್’ ಅನ್ನುತ್ತಾರೆ. ಇದು ಸರಿ ತಪ್ಪಿನ ವಿಷಯವಲ್ಲ, ಸಂದರ್ಭದ ವಿಷಯ. ಇದನ್ನೇ ಕೇಳಬೇಕೆಂದಿದ್ದರೆ ‘ಮಾತಿನಲ್ಲಿ ಯಾವುದು ಹೆಚ್ಚು ಸಹಜ’ ಎಂದು ಪ್ರಶ್ನೆಯಲ್ಲೇ ಹೇಳಬೇಕು.

ಘಟನೆಯಾದರೂ ಒಂದೇ ಉತ್ತರ ಬೇಕು ಅಂದರೆ ನಾನು ವಾಕ್ಯದ ರಚನೆಯ ಸಹಾಯ ತೆಗೆದುಕೊಳ್ಳುತ್ತೇನೆ. “ಹೌ ಡಿಡ್ ದ ಗೇಟ್ ___ ಲಾಕ್ಡ್?” ಇಲ್ಲಿ ‘ಗೆಟ್’ ಬಿಟ್ಟರೆ ಬೇರೆ ದಾರಿಯಿಲ್ಲ. ಪ್ಯಾಸಿವ್‌ನಲ್ಲಿ ಬಿ ಸಹಾಯಕ ಕ್ರಿಯಾಪದ. ಪ್ರಶ್ನೆ ಮಾಡಲು ಅದು ತಾನೇ ಮುಂದೆ ಬರುತ್ತದೆ: “ಹೌ ವಾಸ್ ದ ಗೇಟ್ ಲಾಕ್ಡ್?” ಗೆಟ್ ಹಾಗೆ ಮುಂದೆ ಬರುವುದಿಲ್ಲ, ಅದಕ್ಕೆ ‘ಡೂ’, ‘ಡಿಡ್’ ಬೇಕೇ ಬೇಕು. ಹಾಗಾಗಿ ವಾಕ್ಯ ತುಂಬುವವರು ಅರ್ಥ ಹುಡುಕುವ ಮೊದಲು ಹತ್ತಿರದಲ್ಲಿ ‘ಡಿಡ್’ ಇದೆಯಾ ಎಂದು ನೋಡುವುದು ಒಳ್ಳೆಯದು.

ಇನ್ನೊಂದು ಗುಂಪಿನ ವಾಕ್ಯಗಳಲ್ಲಿ ಗೆಟ್ ಸಾಮಾನ್ಯವಾಗಿ ಒಗ್ಗುವುದೇ ಇಲ್ಲ. ‘ಬಿಲೀವ್’, ‘ನೋ’ ತರಹದ ಕ್ರಿಯಾಪದಗಳು ಇಲ್ಲಿ ಬರುತ್ತವೆ. “ಹಿ ___ ಬಿಲೀವ್ಡ್ ಟು ಬಿ ರಿಚ್” ಅಂದಾಗ ಅವನಿಗೆ ಏನೂ ಆಗಿಲ್ಲ, ಏನೂ ಬದಲಾಗಿಲ್ಲ. ಜನ ಹಾಗೆ ನಂಬಿದ್ದರು ಅಷ್ಟೇ. ಇಲ್ಲಿ ‘ವಾಸ್’.

ಜನ ಅತಿ ಹೆಚ್ಚು ಎಡವುವುದು ನಿಷೇಧ ವಾಕ್ಯದಲ್ಲಿ. ‘ಹೋದ ತಿಂಗಳು ಸಂಬಳ ಬರಲಿಲ್ಲ’ ಎನ್ನಲು “ಐ ಗಾಟ್ ನಾಟ್ ಪೇಯ್ಡ್” ಎಂದು ಬರೆದುಬಿಡುತ್ತಾರೆ. “ಐ ವಾಸ್ ನಾಟ್ ಪೇಯ್ಡ್” ಇದ್ದಂತೆ ಇದೂ ಇರಬೇಕು ಎಂಬ ಲೆಕ್ಕ. ಸರಿಯಾದದ್ದು “ಐ ಡಿಡಂಟ್ ಗೆಟ್ ಪೇಯ್ಡ್”. ವಾಕ್ಯದ ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆಗೂ ಇದೇ ನಿಯಮ. “ಶಿ ವಾಸ್ ಪ್ರಮೋಟೆಡ್” ಆದ ಮೇಲೆ ‘ವಾಸಂಟ್ ಶಿ’ ಬರುತ್ತದೆ, “ಶಿ ಗಾಟ್ ಪ್ರಮೋಟೆಡ್” ಆದ ಮೇಲೆ ‘ಡಿಡಂಟ್ ಶಿ’ ಬರುತ್ತದೆ.